ಚೆಲ್ಲಾಪಿಲ್ಲಿ ಪದಗಳು ವಾಕ್ಯವಾಗುವುದು ಹೇಗೆ?

ಅಣ್ಣನ ಮಗಳು ಐದನೇ ತರಗತಿಯಲ್ಲಿ ಓದುತ್ತಾಳೆ. ಮೊನ್ನೆ ಕನ್ನಡದ ಕಿರುಪರೀಕ್ಷೆಯ ಹಾಳೆ ಹಿಡಿದುಕೊಂಡು ಬಂದು, “ಅತ್ತೆ, ಇದು ಯಾಕೆ ತಪ್ಪು?” ಎಂದು ಕೇಳಿದಳು. ಪದಗಳನ್ನು ಸರಿಯಾಗಿ ಜೋಡಿಸಿ ವಾಕ್ಯ ಬರೆಯಿರಿ ಎಂಬ ಪ್ರಶ್ನೆ. ಕೊಟ್ಟಿದ್ದ ಪದಗಳು ಇವು:

ತಂದ – ಮೊಮ್ಮಕ್ಕಳಿಗೆ – ಅಜ್ಜಿ – ಹಂಚಿದಳು – ಸಂತೆಯಿಂದ – ಹಣ್ಣುಗಳನ್ನು

ಅವಳು ಬರೆದದ್ದು: “ಸಂತೆಯಿಂದ ಹಣ್ಣುಗಳನ್ನು ತಂದ ಅಜ್ಜಿ ಮೊಮ್ಮಕ್ಕಳಿಗೆ ಹಂಚಿದಳು.” ಅದರ ಮೇಲೆ ಕೆಂಪು ಶಾಯಿಯ ಗೀಟು. ಪಕ್ಕದಲ್ಲಿ ಸರಿಯುತ್ತರ: “ಅಜ್ಜಿ ಸಂತೆಯಿಂದ ತಂದ ಹಣ್ಣುಗಳನ್ನು ಮೊಮ್ಮಕ್ಕಳಿಗೆ ಹಂಚಿದಳು.”

ಎರಡನ್ನೂ ಓದಿ ನೋಡಿ. ಎರಡೂ ಕನ್ನಡವೇ ಅಲ್ವಾ? ಹಾಗಾದರೆ ತಪ್ಪು ಎಲ್ಲಿ? “ಓದಿದರೆ ಗೊತ್ತಾಗುತ್ತೆ” ಎಂದು ಮಕ್ಕಳಿಗೆ ಹೇಳಿಬಿಡುವುದು ಸುಲಭ. ಆದರೆ ಹೇಗೆ ಗೊತ್ತಾಗುತ್ತದೆ ಎಂದು ಮಗು ಕೇಳಿದಾಗ ನಮ್ಮಲ್ಲಿ ಬಹಳ ಜನರಿಗೆ ಉತ್ತರ ಸಿಗುವುದಿಲ್ಲ. ಈ ಒಂದು ಅಜ್ಜಿಯ ವಾಕ್ಯವನ್ನೇ ಹಿಡಿದು ಅದನ್ನು ನೋಡೋಣ. ಆಮೇಲೆ ವಾಕ್ಯಗಳನ್ನು ಜೋಡಿಸಿ ಪ್ಯಾರಾ ಮಾಡುವ ಪ್ರಶ್ನೆಗೆ ಹೋಗೋಣ.

## ಸುಮ್ನೆ ಊಹಿಸಿದರೆ ಯಾಕೆ ಆಗುವುದಿಲ್ಲ?

ಆರು ಪದಗಳನ್ನು ಒಟ್ಟು 720 ರೀತಿಯಲ್ಲಿ ಸಾಲಾಗಿ ಇಡಬಹುದು. ಮೊದಲ ಜಾಗಕ್ಕೆ ಆರು ಆಯ್ಕೆ, ಎರಡನೆಯದಕ್ಕೆ ಐದು, ಮೂರನೆಯದಕ್ಕೆ ನಾಲ್ಕು. ಹೀಗೆ ಗುಣಿಸುತ್ತಾ ಹೋದರೆ 720 ಬರುತ್ತದೆ. ಒಂದೊಂದನ್ನೇ ಇಟ್ಟು ನೋಡುವುದು ಆಗದ ಕೆಲಸ.

ಹಾಗಿದ್ದರೂ ಕನ್ನಡ ಮನೆಮಾತಾಗಿರುವ ಮಗು ಅರ್ಧ ನಿಮಿಷದಲ್ಲಿ ಉತ್ತರ ಬರೆಯುತ್ತದೆ. ಯಾಕೆಂದರೆ ಪದಗಳೇ ಸುಳಿವು ಕೊಡುತ್ತವೆ. ಆ ಸುಳಿವು ಹೆಚ್ಚಾಗಿ ಪದದ ಕೊನೆಯಲ್ಲಿ ಇರುತ್ತದೆ. ಮಗು ಅದನ್ನು ಗೊತ್ತಿಲ್ಲದೆಯೇ ಬಳಸುತ್ತದೆ. ಗೊತ್ತಿದ್ದು ಬಳಸಿದರೆ ಕಷ್ಟದ ಪ್ರಶ್ನೆಯಲ್ಲೂ ಕೈ ತಪ್ಪುವುದಿಲ್ಲ.

## ಕೊನೆಯ ಪದವನ್ನು ಮೊದಲು ಹುಡುಕಿ

ಕನ್ನಡದ ವಾಕ್ಯ ಸಾಮಾನ್ಯವಾಗಿ ಕ್ರಿಯಾಪದದಲ್ಲಿ ಮುಗಿಯುತ್ತದೆ. ಹಾಗಾಗಿ ಮೊದಲ ಪದ ಯಾವುದು ಎಂದು ಹುಡುಕುವ ಬದಲು, ಕೊನೆಯ ಪದ ಯಾವುದು ಎಂದು ಹುಡುಕುವುದು ಸುಲಭ.

ಇಲ್ಲಿ ಕೆಲಸವನ್ನು ಹೇಳುವ ಪದಗಳು ಎರಡಿವೆ: ತಂದ, ಹಂಚಿದಳು. ಇವುಗಳಲ್ಲಿ ವಾಕ್ಯವನ್ನು ಮುಗಿಸುವ ಶಕ್ತಿ ಇರುವುದು ಒಂದಕ್ಕೆ ಮಾತ್ರ. “ಅಜ್ಜಿ ಹಂಚಿದಳು” ಎಂದರೆ ಮಾತು ಮುಗಿಯಿತು. “ಅಜ್ಜಿ ತಂದ” ಎಂದು ನಿಲ್ಲಿಸಿದರೆ ಕೇಳುವವರು “ಏನು? ತಂದ ಏನು?” ಎನ್ನುತ್ತಾರೆ. ಹಾಗಾಗಿ ‘ಹಂಚಿದಳು’ ಕೊನೆಗೆ ಹೋಗಿ ಕೂತಿತು. 720 ಇದ್ದದ್ದು ಒಂದೇ ಏಟಿಗೆ 120ಕ್ಕೆ ಇಳಿಯಿತು.

ಈ ಪದ ಇನ್ನೊಂದು ಸಂಗತಿಯನ್ನೂ ಹೇಳುತ್ತದೆ. ಅದರ ಕೊನೆಯ ‘ಅಳು’ ನೋಡಿ. ಹಂಚಿದವರು ಒಬ್ಬ ಹೆಂಗಸು. ‘ಹಂಚಿದೆ’ ಎಂದಿದ್ದರೆ ನಾನು, ‘ಹಂಚಿದನು’ ಎಂದಿದ್ದರೆ ಅವನು, ‘ಹಂಚಿದರು’ ಎಂದಿದ್ದರೆ ಅವರು. ಕ್ರಿಯಾಪದದ ಬಾಲ ಕೆಲಸ ಮಾಡಿದವರತ್ತ ಬೆರಳು ತೋರಿಸುತ್ತದೆ. ಇಲ್ಲಿ ಅದು ಅಜ್ಜಿ.

ಒಂದು ಕಡೆ ಮಾತ್ರ ಮಕ್ಕಳು ಎಡವುತ್ತಾರೆ. “ಗೀತಾಳಿಗೆ ಬಹುಮಾನ ಸಿಕ್ಕಿತು” ಎಂಬ ವಾಕ್ಯದಲ್ಲಿ ಮುಖ್ಯ ವ್ಯಕ್ತಿ ಗೀತಾ. ಆದರೆ ಕ್ರಿಯಾಪದ ‘ಸಿಕ್ಕಿದಳು’ ಅಲ್ಲ, ‘ಸಿಕ್ಕಿತು’. ಅದು ಬೆರಳು ತೋರಿಸುತ್ತಿರುವುದು ಬಹುಮಾನದ ಕಡೆಗೆ. ಹಸಿವಾಯಿತು, ಬೇಕು, ಗೊತ್ತು, ಇಷ್ಟ ಇಂಥ ಪದಗಳು ಬಂದಾಗ ಮನುಷ್ಯರ ಹೆಸರಿಗೆ ‘ಗೆ’ ಸೇರಿರುತ್ತದೆ. ಅಲ್ಲಿ ‘ಗೀತಾ’ ಎಂಬ ಬರಿಯ ಹೆಸರನ್ನು ಹುಡುಕುತ್ತಾ ಕೂರಬಾರದು.

## ಪದದ ಬಾಲ ಅದರ ಕೆಲಸವನ್ನು ಹೇಳುತ್ತದೆ

ಬಸ್ಸಿನಲ್ಲಿ ಡ್ರೈವರ್, ಕಂಡಕ್ಟರ್ ಯಾರೆಂದು ಅವರು ಎಲ್ಲಿ ನಿಂತಿದ್ದಾರೆ ಎಂಬುದರಿಂದಲೂ ಗೊತ್ತಾಗುತ್ತದೆ, ಹೆಗಲಲ್ಲಿ ಟಿಕೆಟ್ ಚೀಲ ಇದೆಯೇ ಎಂಬುದರಿಂದಲೂ ಗೊತ್ತಾಗುತ್ತದೆ. ಚೀಲ ಇದ್ದರೆ ಕಂಡಕ್ಟರ್ ಹಿಂದಿನ ಬಾಗಿಲಲ್ಲಿ ನಿಂತರೂ ಕಂಡಕ್ಟರೇ. ಕನ್ನಡದಲ್ಲಿ ಆ ಚೀಲದ ಕೆಲಸ ಮಾಡುವುದು ವಿಭಕ್ತಿ ಪ್ರತ್ಯಯ. ಅಂದರೆ ನಾಮಪದದ ಕೊನೆಗೆ ಸೇರುವ ಅನ್ನು, ಇಂದ, ಗೆ, ಅ, ಅಲ್ಲಿ ಮುಂತಾದವು.

ನಮ್ಮ ವಾಕ್ಯದಲ್ಲಿ ‘ಹಣ್ಣುಗಳನ್ನು’ ಎಂದರೆ ಹಂಚಿಕೆಯಾದ ಅಥವಾ ತಂದ ವಸ್ತು. ‘ಮೊಮ್ಮಕ್ಕಳಿಗೆ’ ಎಂದರೆ ಪಡೆದವರು. ‘ಸಂತೆಯಿಂದ’ ಎಂದರೆ ಎಲ್ಲಿಂದ ಬಂತು ಎಂಬುದು. ‘ಅಜ್ಜಿ’ಗೆ ಯಾವ ಬಾಲವೂ ಇಲ್ಲ, ಅವಳೇ ಕೆಲಸ ಮಾಡಿದವಳು. ಪದಗಳು ಹೇಗೇ ಚೆಲ್ಲಾಪಿಲ್ಲಿಯಾಗಿರಲಿ, ಯಾರು ಯಾರಿಗೆ ಕೊಟ್ಟರು ಎಂಬುದು ಅದಲುಬದಲಾಗುವುದಿಲ್ಲ.

ಇಂಗ್ಲಿಷ್‌ನಲ್ಲಿ ಹೀಗಲ್ಲ. ‘ರವಿ ಸಾ ಗೀತಾ’ ಎಂದರೆ ನೋಡಿದವನು ರವಿ. ‘ಗೀತಾ ಸಾ ರವಿ’ ಎಂದರೆ ನೋಡಿದವಳು ಗೀತಾ. ಅಲ್ಲಿ ಜಾಗವೇ ಎಲ್ಲ. ಕನ್ನಡದಲ್ಲಿ “ರವಿ ಗೀತಾಳನ್ನು ನೋಡಿದನು” ಎಂದರೂ “ಗೀತಾಳನ್ನು ರವಿ ನೋಡಿದನು” ಎಂದರೂ ನೋಡಿದವನು ರವಿಯೇ. ಎರಡೂ ಭಾಷೆಯಲ್ಲಿ ಪ್ರಶ್ನೆ ಒಂದೇ ಥರ ಕಾಣುತ್ತದೆ, ಬಿಡಿಸುವ ದಾರಿ ಬೇರೆ. ಇಂಗ್ಲಿಷ್‌ನಲ್ಲಿ ಮೊದಲು ಕೆಲಸ ಮಾಡಿದವರು, ಅವರ ಬೆನ್ನಿಗೆ ಕ್ರಿಯಾಪದ ಎಂದು ಹುಡುಕಬೇಕು. ಕನ್ನಡದಲ್ಲಿ ಬಾಲ ನೋಡಬೇಕು.

ಆದರೆ ಮಾತಿನಲ್ಲಿ ನಾವು ಬಾಲವನ್ನು ಆಗಾಗ ಬಿಡುತ್ತೇವೆ. “ಬೆಕ್ಕು ಇಲಿ ಹಿಡಿಯಿತು” ಎನ್ನುತ್ತೇವೆ. ಇಲ್ಲಿ ‘ಇಲಿಯನ್ನು’ ಇಲ್ಲ, ‘ಹಿಡಿಯಿತು’ ಬೆಕ್ಕಿಗೂ ಸರಿ, ಇಲಿಗೂ ಸರಿ. ಆಗ ಜಾಗ ನೋಡಲೇಬೇಕು. ಬಾಲವಿಲ್ಲದ ಕರ್ಮಪದ ಕ್ರಿಯಾಪದಕ್ಕೆ ಒತ್ತಿಕೊಂಡು ಅದಕ್ಕಿಂತ ಮೊದಲು ಕೂರುತ್ತದೆ. ‘ನೀರು ಕುಡಿ’, ‘ಪುಸ್ತಕ ಓದು’ ಎಂಬುವನ್ನು ನೆನೆಸಿಕೊಂಡರೆ ಸಾಕು.

## ಬಿಡಿಸಲಾಗದ ಜೋಡಿಗಳು

ವಾಕ್ಯದೊಳಗೆ ಕೆಲವು ಪದಗಳು ಎಲ್ಲಿ ಬೇಕಾದರೂ ಓಡಾಡುತ್ತವೆ. ಕೆಲವು ಮುಂದಿನ ಪದದ ಕೈ ಬಿಡುವುದೇ ಇಲ್ಲ. ‘ಕೆಂಪು’ ಎಂಬ ಪದ ‘ಸೀರೆ’ಯ ಮುಂದೆಯೇ ಇರಬೇಕು. ‘ಎರಡು’ ಎಂಬುದು ‘ತೆಂಗಿನಕಾಯಿ’ಯ ಮುಂದೆ. ‘ಮರದ’ ಎಂಬುದರ ಬೆನ್ನಿಗೆ ‘ಕೆಳಗೆ’ ಬರಬೇಕು. ಇಂಥ ಜೋಡಿಗಳನ್ನು ಮೊದಲೇ ಕಟ್ಟಿಬಿಟ್ಟರೆ ಜೋಡಿಸಬೇಕಾದ ತುಂಡುಗಳು ಕಡಿಮೆಯಾಗುತ್ತವೆ.

ಎರಡು ಇಂಥ ಪದಗಳು ಒಟ್ಟಿಗೆ ಬಂದಾಗ ಅರ್ಥವನ್ನು ನೋಡಬೇಕಾಗುತ್ತದೆ. “ಮನೆಯ ಹಳೆಯ ಬಾಗಿಲು” ಎಂದರೆ ಹಳೆಯದಾಗಿರುವುದು ಬಾಗಿಲು. “ಹಳೆಯ ಮನೆಯ ಬಾಗಿಲು” ಎಂದರೆ ಸಾಮಾನ್ಯವಾಗಿ ಮನೆಯೇ ಹಳೆಯದು, ಬಾಗಿಲು ಹೊಸದಿದ್ದರೂ ಇರಬಹುದು. ಪದಗಳು ಅವೇ ಮೂರು.

ಈಗ ನಮ್ಮ ‘ತಂದ’ಕ್ಕೆ ಬರೋಣ. ತಂದ, ಓದುವ, ಬಾರದ ಇಂಥ ಪದಗಳು ಕ್ರಿಯೆಯಿಂದ ಹುಟ್ಟಿದರೂ ‘ಕೆಂಪು’ ಎಂಬ ಪದದಂತೆಯೇ ನಡೆದುಕೊಳ್ಳುತ್ತವೆ. ಶಾಲೆಯ ವ್ಯಾಕರಣದಲ್ಲಿ ಇವುಗಳಿಗೆ ಕೃದಂತ ಎನ್ನುತ್ತಾರೆ. ಇವುಗಳ ಬೆನ್ನಿಗೆ ಒಂದು ನಾಮಪದ ಇರಲೇಬೇಕು. ಯಾವ ನಾಮಪದದ ಮುಂದೆ ಇಡುತ್ತೇವೋ ಅದನ್ನು ಅದು ಬಣ್ಣಿಸುತ್ತದೆ. ಅಣ್ಣನ ಮಗಳ ಪ್ರಶ್ನೆಯ ಗಂಟು ಇರುವುದು ಇಲ್ಲೇ.

‘ತಂದ’ ಎಂಬುದನ್ನು ‘ಹಣ್ಣುಗಳನ್ನು’ ಎಂಬುದರ ಮುಂದೆ ಇಟ್ಟರೆ, “ಅಜ್ಜಿ ಸಂತೆಯಿಂದ ತಂದ ಹಣ್ಣುಗಳನ್ನು ಮೊಮ್ಮಕ್ಕಳಿಗೆ ಹಂಚಿದಳು.” ಯಾವ ಹಣ್ಣು? ಸಂತೆಯಿಂದ ತಂದದ್ದು. ಹಿತ್ತಲಿನದಲ್ಲ.

‘ಅಜ್ಜಿ’ಯ ಮುಂದೆ ಇಟ್ಟರೆ, “ಸಂತೆಯಿಂದ ಹಣ್ಣುಗಳನ್ನು ತಂದ ಅಜ್ಜಿ ಮೊಮ್ಮಕ್ಕಳಿಗೆ ಹಂಚಿದಳು.” ಯಾವ ಅಜ್ಜಿ? ಹಣ್ಣು ತಂದವಳು. ಇದೂ ಸರಿಯಾದ ವಾಕ್ಯವೇ. ಇಲ್ಲಿ ‘ಹಣ್ಣುಗಳನ್ನು’ ಎಂಬುದು ‘ತಂದ’ಕ್ಕೆ ಸೇರಿಹೋಯಿತು. ‘ಹಂಚಿದಳು’ ಎಂಬುದಕ್ಕೆ ಏನನ್ನು ಎಂದು ಹೇಳುವ ಪದ ಉಳಿಯಲಿಲ್ಲ. ಒಮ್ಮೆ ಹೇಳಿದ್ದನ್ನು ಮತ್ತೆ ಹೇಳದೆ ಬಿಡುವುದು ಕನ್ನಡದಲ್ಲಿ ಸಹಜವಾದ್ದರಿಂದ ಓದುವವರು ಹಣ್ಣು ಎಂದೇ ತಿಳಿದುಕೊಳ್ಳುತ್ತಾರೆ.

‘ಮೊಮ್ಮಕ್ಕಳಿಗೆ’ ಎಂಬುದರ ಮುಂದೆ ಇಟ್ಟರೆ, “ಸಂತೆಯಿಂದ ಹಣ್ಣುಗಳನ್ನು ತಂದ ಮೊಮ್ಮಕ್ಕಳಿಗೆ ಅಜ್ಜಿ ಹಂಚಿದಳು.” ಈಗ ಸಂತೆಗೆ ಹೋದವರೇ ಬದಲಾದರು! ಬಾಲಗಳೆಲ್ಲ ಸರಿ ಇವೆ, ಆದರೆ ಅಜ್ಜಿ ಏನು ಹಂಚಿದಳು ಎಂಬುದು ಸಿಕ್ಕುವುದಿಲ್ಲ. ಮಕ್ಕಳೇ ತಂದ ಹಣ್ಣನ್ನು ಮಕ್ಕಳಿಗೇ ಹಂಚಿದಳೋ, ಬೇರೆ ಏನನ್ನಾದರೂ ಹಂಚಿದಳೋ? ಇದನ್ನು ಬಿಟ್ಟುಬಿಡಬಹುದು.

ಹಾಗಾಗಿ ಅಣ್ಣನ ಮಗಳಿಗೆ ನಾನು ಹೇಳಿದ್ದು ಇಷ್ಟು: ನಿನ್ನ ವಾಕ್ಯ ತಪ್ಪಲ್ಲ. ಆದರೆ ಶಾಲೆಯ ಉತ್ತರದಲ್ಲಿ ಹಂಚಿದ್ದು ಏನು ಎಂಬುದು ನೇರವಾಗಿ ಇದೆ, ನಿನ್ನದರಲ್ಲಿ ಊಹಿಸಿಕೊಳ್ಳಬೇಕು. ಎರಡು ಉತ್ತರ ಹೊಳೆದಾಗ ಪ್ರತಿ ಕ್ರಿಯೆಗೂ ಯಾರು, ಏನನ್ನು ಎಂದು ಕೇಳಿ ನೋಡು. ಎರಡಕ್ಕೂ ಉತ್ತರ ಕೊಡುವ ಜೋಡಣೆಯನ್ನು ಬರೆ.

## ವಾಕ್ಯಗಳಿಂದ ಪ್ಯಾರಾ: ಬಾಲ ಈಗ ಇಲ್ಲ, ಕೊಕ್ಕೆ ಇದೆ

ಪದ ಜೋಡಿಸುವಾಗ ಸಹಾಯಕ್ಕೆ ಬಂದ ಬಾಲಗಳು ವಾಕ್ಯಗಳನ್ನು ಜೋಡಿಸುವಾಗ ಇರುವುದಿಲ್ಲ. ಪ್ರತಿ ವಾಕ್ಯವೂ ತನ್ನಷ್ಟಕ್ಕೆ ಮುಗಿದಿರುತ್ತದೆ. ಆದರೆ ರೈಲಿನ ಡಬ್ಬಿಗಳಿಗೆ ಕೊಕ್ಕೆ ಇರುವಂತೆ ವಾಕ್ಯಗಳಿಗೂ ಕೊಕ್ಕೆ ಇರುತ್ತವೆ. ಅದು, ಅವಳು, ಅಲ್ಲಿ, ಆಗ, ಈ, ಆ, ಆದರೆ, ಹಾಗಾಗಿ ಇವೆಲ್ಲ ಹಿಂದೆ ಹೇಳಿದ ಯಾವುದನ್ನೋ ಹಿಡಿದುಕೊಳ್ಳುವ ಕೊಕ್ಕೆಗಳು. ಕೆಳಗಿನ ಐದು ವಾಕ್ಯ ನೋಡಿ.

1. ಮೂರು ವರ್ಷಗಳ ನಂತರ ಅದು ಬೆಂಗಳೂರಿಗೂ ಬಂತು.
2. ಈ ನೀರಿನ ರಭಸದಿಂದ ವಿದ್ಯುತ್ ತಯಾರಿಸುವ ಕೇಂದ್ರವೊಂದು 1902ರಲ್ಲಿ ಶುರುವಾಯಿತು.
3. ಅಲ್ಲಿಯವರೆಗೆ ಆ ಊರಿನ ಬೀದಿಗಳಲ್ಲಿ ಉರಿಯುತ್ತಿದ್ದುದು ಸೀಮೆಎಣ್ಣೆ ದೀಪಗಳು.
4. ಶಿವನಸಮುದ್ರದಲ್ಲಿ ಕಾವೇರಿ ನದಿ ಎರಡು ಕವಲಾಗಿ ಧುಮುಕುತ್ತದೆ.
5. ಅಲ್ಲಿ ತಯಾರಾದ ವಿದ್ಯುತ್ತನ್ನು ಮೊದಲು ಕೋಲಾರದ ಚಿನ್ನದ ಗಣಿಗಳಿಗೆ ಕಳಿಸಿದರು.

ಮೊದಲ ಕೆಲಸ, ಹಿಂದಕ್ಕೆ ಕೊಕ್ಕೆ ಇಲ್ಲದ ವಾಕ್ಯ ಯಾವುದೆಂದು ಹುಡುಕುವುದು. ಒಂದರಲ್ಲಿ ‘ಅದು’ ಇದೆ, ಯಾವುದು? ಎರಡರಲ್ಲಿ ‘ಈ ನೀರು’ ಇದೆ, ಯಾವ ನೀರು? ಮೂರರಲ್ಲಿ ‘ಆ ಊರು’ ಇದೆ. ಐದರಲ್ಲಿ ‘ಅಲ್ಲಿ’ ಇದೆ. ನಾಲ್ಕರಲ್ಲಿ ಮಾತ್ರ ಇಂಥ ಪ್ರಶ್ನೆ ಏಳುವುದಿಲ್ಲ. ಹೆಸರುಗಳೆಲ್ಲ ಪೂರ್ತಿ ಇವೆ. ಹಾಗಾಗಿ ನಾಲ್ಕು ಮೊದಲು.

ಎರಡನೆಯ ಕೆಲಸ, ಕೊಕ್ಕೆಗಳನ್ನು ಒಂದಕ್ಕೊಂದು ಸಿಕ್ಕಿಸುವುದು. ‘ಈ ನೀರು’ ಎಂದರೆ ಹತ್ತಿರದಲ್ಲೇ ನೀರಿನ ಮಾತು ಬಂದಿರಬೇಕು. ‘ಈ’ ಎಂಬುದು ಈಗಷ್ಟೇ ಹೇಳಿದ್ದನ್ನು ಹಿಡಿಯುತ್ತದೆ. ಹಾಗಾಗಿ ನಾಲ್ಕರ ಬೆನ್ನಿಗೆ ಎರಡು. ಎರಡರಲ್ಲಿ ‘ಕೇಂದ್ರವೊಂದು’ ಎಂದಿರುವುದನ್ನೂ ಗಮನಿಸಿ. ಹೊಸದಾಗಿ ಪರಿಚಯ ಮಾಡಿಸುವಾಗ ನಾವು ‘ಒಂದು’, ‘ಒಬ್ಬ’ ಎನ್ನುತ್ತೇವೆ. ‘ಒಂದು ಊರಿನಲ್ಲಿ ಒಬ್ಬ ರಾಜ’ ಎಂದು ಕತೆ ಶುರುವಾಗಿ, ಮುಂದೆ ಅವನೇ ‘ಆ ರಾಜ’ ಆಗುವುದಿಲ್ಲವೇ? ಹಾಗೆಯೇ ಇಲ್ಲಿ ‘ಕೇಂದ್ರವೊಂದು’ ಎಂಬುದು ಮುಂದೆ ‘ಅಲ್ಲಿ’ ಆಗುತ್ತದೆ. ಎರಡಾದ ಮೇಲೆ ಐದು.

ಒಂದನೆಯ ವಾಕ್ಯದಲ್ಲಿ ಒಂದು ಪುಟ್ಟ ಅಕ್ಷರ ದೊಡ್ಡ ಸುಳಿವು ಕೊಡುತ್ತದೆ. ಅದು ‘ಬೆಂಗಳೂರಿಗೂ’ ಎಂಬುದರ ಕೊನೆಯ ‘ಊ’. ಬೆಂಗಳೂರಿಗೂ ಬಂತು ಎಂದರೆ ಇನ್ನೆಲ್ಲಿಗೋ ಮೊದಲೇ ಹೋಗಿತ್ತು ಎಂದರ್ಥ. ಎಲ್ಲಿಗೆ? ಕೋಲಾರದ ಗಣಿಗಳಿಗೆ. ಐದರಲ್ಲಿರುವ ‘ಮೊದಲು’ ಎಂಬ ಪದವೂ ಮುಂದೆ ಇನ್ನೊಂದು ಜಾಗದ ಹೆಸರು ಬರುತ್ತದೆ ಎಂದು ಹೇಳುತ್ತಿದೆ. ಹಾಗಾಗಿ ಐದು, ಆಮೇಲೆ ಒಂದು. ನನ್ನ ಲೆಕ್ಕದಲ್ಲಿ ಕನ್ನಡದ ಪ್ಯಾರಾ ಪ್ರಶ್ನೆಗಳಲ್ಲಿ ಜನ ಅತಿ ಹೆಚ್ಚು ಕಡೆಗಣಿಸುವ ಸುಳಿವು ಈ ‘ಊ’. ಇಂಗ್ಲಿಷ್‌ನಲ್ಲಿ ಇದೇ ಕೆಲಸಕ್ಕೆ ಬೇರೆಯೇ ಪದ ಬರುವುದರಿಂದ ಕಣ್ಣಿಗೆ ಬೀಳುತ್ತದೆ. ನಮ್ಮಲ್ಲಿ ಪದದೊಳಗೆ ಬೆರೆತುಹೋಗಿರುತ್ತದೆ.

ಉಳಿದದ್ದು ಮೂರನೆಯ ವಾಕ್ಯ. ‘ಆ ಊರು’ ಎಂದರೆ ಬೆಂಗಳೂರು. ಹಾಗಾಗಿ ಅದು ಒಂದರ ನಂತರ. ಪೂರ್ತಿ ಕ್ರಮ 4, 2, 5, 1, 3.

ಶಿವನಸಮುದ್ರದಲ್ಲಿ ಕಾವೇರಿ ನದಿ ಎರಡು ಕವಲಾಗಿ ಧುಮುಕುತ್ತದೆ. ಈ ನೀರಿನ ರಭಸದಿಂದ ವಿದ್ಯುತ್ ತಯಾರಿಸುವ ಕೇಂದ್ರವೊಂದು 1902ರಲ್ಲಿ ಶುರುವಾಯಿತು. ಅಲ್ಲಿ ತಯಾರಾದ ವಿದ್ಯುತ್ತನ್ನು ಮೊದಲು ಕೋಲಾರದ ಚಿನ್ನದ ಗಣಿಗಳಿಗೆ ಕಳಿಸಿದರು. ಮೂರು ವರ್ಷಗಳ ನಂತರ ಅದು ಬೆಂಗಳೂರಿಗೂ ಬಂತು. ಅಲ್ಲಿಯವರೆಗೆ ಆ ಊರಿನ ಬೀದಿಗಳಲ್ಲಿ ಉರಿಯುತ್ತಿದ್ದುದು ಸೀಮೆಎಣ್ಣೆ ದೀಪಗಳು.

## ಎಲ್ಲಿ ಜಾರುತ್ತೇವೆ?

ಬಹಳ ಜನ ಪ್ಯಾರಾವನ್ನು ಕಾಲದ ಕ್ರಮದಲ್ಲಿ ಜೋಡಿಸಲು ಹೋಗುತ್ತಾರೆ. ರಾಗಿಮುದ್ದೆ ಮಾಡುವ ಬಗೆ ಅಥವಾ ಒಂದು ಕತೆಯಾದರೆ ಅದು ಸರಿ. ಎಸರು ಕುದಿಯುವ ಮೊದಲು ಮುದ್ದೆ ಕಟ್ಟಲಾಗದು. ಆದರೆ ಮೇಲಿನ ಪ್ಯಾರಾದಲ್ಲಿ ಸೀಮೆಎಣ್ಣೆ ದೀಪ ಉರಿಯುತ್ತಿದ್ದುದು ವಿದ್ಯುತ್ ಬರುವ ಮುಂಚೆ, ಅಂದರೆ 1905ಕ್ಕೂ ಹಿಂದೆ. ಕಾಲ ನೋಡಿ ಜೋಡಿಸಿದರೆ ಮೂರನೆಯ ವಾಕ್ಯ ಎಲ್ಲಕ್ಕಿಂತ ಮೊದಲು ಬರಬೇಕು. ಬಂದರೆ ‘ಆ ಊರು’ ಯಾವುದೆಂದೇ ತಿಳಿಯುವುದಿಲ್ಲ. ‘ಅಲ್ಲಿಯವರೆಗೆ’ ಎಂಬ ಪದ ಬರಹವನ್ನು ಹಿಂದಿನ ಕಾಲಕ್ಕೆ ತಿರುಗಿಸುತ್ತದೆ. ಘಟನೆ ಹಿಂದಿನದು, ಅದನ್ನು ಹೇಳಿದ್ದು ಆಮೇಲೆ.

ಇನ್ನೊಂದು ಜಾರುವ ಜಾಗ 5, 3, 1 ಎಂಬ ಕ್ರಮ. ಕೋಲಾರವೂ ಊರೇ ತಾನೇ, ‘ಆ ಊರು’ ಅದೇ ಯಾಕಾಗಬಾರದು? ಹಾಗೆ ಇಟ್ಟು ಓದಿ ನೋಡಿ. ವಿದ್ಯುತ್ ಕಳಿಸಿದ್ದು ಗಣಿಗಳಿಗೆ, ಬೀದಿ ದೀಪದ ಮಾತು ಇದ್ದಕ್ಕಿದ್ದಂತೆ ಬಂದಂತಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಅದರ ಬೆನ್ನಿಗೆ “ಅದು ಬೆಂಗಳೂರಿಗೂ ಬಂತು” ಎಂದು ಬಂದರೆ ‘ಅದು’ ಹಿಡಿದುಕೊಳ್ಳಲು ಪಕ್ಕದಲ್ಲಿ ಇರುವುದು ದೀಪಗಳು. ಒಂದು ವಾಕ್ಯವನ್ನು ತಪ್ಪು ಜಾಗದಲ್ಲಿ ಇಟ್ಟರೆ ಅದರ ಕೊಕ್ಕೆ ಮಾತ್ರವಲ್ಲ, ಅದರಾಚೆಯ ವಾಕ್ಯದ ಕೊಕ್ಕೆಯೂ ಕಳಚಿಕೊಳ್ಳುತ್ತದೆ. ತಪ್ಪನ್ನು ಪತ್ತೆ ಮಾಡಲು ಇದು ಒಳ್ಳೆಯ ದಾರಿ. ಜೋಡಿಸಿದ ಮೇಲೆ ಪ್ರತಿ ‘ಅದು’, ‘ಅಲ್ಲಿ’, ‘ಆ’ ಬಂದಲ್ಲಿ ನಿಂತು, ಯಾವುದು ಎಂದು ಕೇಳಿ. ಉತ್ತರ ಹಿಂದಿನ ಒಂದೆರಡು ವಾಕ್ಯದಲ್ಲೇ ಸಿಗಬೇಕು.

ಕೆಲವೊಮ್ಮೆ ಕೊಕ್ಕೆ ಕಣ್ಣಿಗೇ ಕಾಣುವುದಿಲ್ಲ. ಕನ್ನಡದಲ್ಲಿ “ಮರುದಿನ ಬೆಳಿಗ್ಗೆ ಊರಿಗೆ ಹೊರಟಳು” ಎಂದು ಬರೆಯಬಹುದು. ಯಾರು ಎಂದು ಹೇಳಿಲ್ಲ, ‘ಅವಳು’ ಎಂಬ ಪದವೂ ಇಲ್ಲ. ‘ಅಳು’ ಎಂಬ ಬಾಲ ಮಾತ್ರ ಹಿಂದೆ ಒಬ್ಬ ಹೆಂಗಸಿನ ಹೆಸರು ಬಂದಿದೆ ಎಂದು ಹೇಳುತ್ತಿದೆ. ಅಜ್ಜಿಯ ವಾಕ್ಯದಲ್ಲಿ ಕಲಿತ ಪಾಠ ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ. ಇಂಥ ವಾಕ್ಯ ಪ್ಯಾರಾದ ಮೊದಲಿಗೆ ಬರುವುದು ಅಪರೂಪ.

ಕೊನೆಯ ಪದ ಯಾವಾಗಲೂ ಕ್ರಿಯಾಪದ ಎಂದೂ ಕಟ್ಟಾಗಿ ಹಿಡಿಯಬೇಡಿ. ಮೂರನೆಯ ವಾಕ್ಯವನ್ನೇ ನೋಡಿ, ‘ದೀಪಗಳು’ ಎಂದು ಮುಗಿದಿದೆ. “ಅವನು ನನ್ನ ತಮ್ಮ” ಎಂಬ ವಾಕ್ಯದಲ್ಲಿ ಕ್ರಿಯಾಪದವೇ ಇಲ್ಲ. ಕೊಟ್ಟ ಪದಗಳಲ್ಲಿ ವಾಕ್ಯ ಮುಗಿಸುವ ಕ್ರಿಯಾಪದ ಕಾಣದಿದ್ದರೆ ಗಾಬರಿ ಬೇಡ. ಅದು ಈ ಜಾತಿಯ ವಾಕ್ಯ.

## ದೊಡ್ಡವರ ಪರೀಕ್ಷೆಗಳಲ್ಲಿ

ಕೇಂದ್ರ ಸರ್ಕಾರದ ನೇಮಕಾತಿ ಪರೀಕ್ಷೆಗಳ ಇಂಗ್ಲಿಷ್ ಭಾಗದಲ್ಲೂ ಈ ಪ್ರಶ್ನೆ ಬರುತ್ತದೆ. ಅಲ್ಲಿ ಸಾಮಾನ್ಯವಾಗಿ ನಾಲ್ಕು ಆಯ್ಕೆ ಕೊಟ್ಟಿರುತ್ತಾರೆ. ಒಂದು ಗಟ್ಟಿ ಜೋಡಿ ಸಿಕ್ಕರೆ ಸಾಕು, ಅದಿಲ್ಲದ ಆಯ್ಕೆಗಳನ್ನು ಹೊಡೆದುಹಾಕಬಹುದು. ಐಐಎಂ ಸೇರಲು ಬರೆಯುವ ಕ್ಯಾಟ್ ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ಆಯ್ಕೆಗಳನ್ನೇ ಕೊಡುವುದಿಲ್ಲ. ಕ್ರಮವನ್ನು ನಾವೇ ಟೈಪ್ ಮಾಡಬೇಕು. ಅಂಥ ಪ್ರಶ್ನೆಗೆ ತಪ್ಪು ಬರೆದರೆ ಅಂಕ ಕಳೆಯುವುದಿಲ್ಲ, ಹಾಗಾಗಿ ಖಾಲಿ ಬಿಡುವ ಅಗತ್ಯವಿಲ್ಲ. ನಾಲ್ಕು ವಾಕ್ಯವಾದರೆ 24 ಜೋಡಣೆ, ಐದಾದರೆ 120. ನಮ್ಮ ಪ್ಯಾರಾದಲ್ಲಿ 4-2 ಒಂದು ತುಂಡು, 5-1-3 ಇನ್ನೊಂದು ತುಂಡು ಎಂದು ಕಟ್ಟಿಕೊಂಡರೆ 120ರಲ್ಲಿ ಉಳಿಯುವುದು ಎರಡೇ. ಮೊದಲ ತುಂಡು ಯಾವುದು ಎಂಬುದನ್ನಷ್ಟೇ ತೀರ್ಮಾನಿಸಬೇಕು.

## ಪ್ರಶ್ನೆ ಮಾಡುವವರಿಗೆ ಒಂದು ಮಾತು

ಮನೆಯಲ್ಲಿ ಮಕ್ಕಳಿಗೆ ಇಂಥ ಪ್ರಶ್ನೆ ಮಾಡಿಕೊಡುವ ಅಪ್ಪ ಅಮ್ಮಂದಿರೂ ಇದ್ದೀರಿ. ಒಂದು ಒಳ್ಳೆಯ ವಾಕ್ಯ ಬರೆದು ಪದಗಳನ್ನು ಕಲಸಿಬಿಟ್ಟರೆ ಪ್ರಶ್ನೆ ಆಗಲಿಲ್ಲ. ಕನ್ನಡದಲ್ಲಿ ಪದಗಳು ಓಡಾಡುವುದರಿಂದ ಸರಿಯುತ್ತರ ಒಂದಕ್ಕಿಂತ ಜಾಸ್ತಿ ಇರುವುದೇ ಹೆಚ್ಚು. “ಮೊಮ್ಮಕ್ಕಳಿಗೆ ಅಜ್ಜಿ ಸಂತೆಯಿಂದ ತಂದ ಹಣ್ಣುಗಳನ್ನು ಹಂಚಿದಳು” ಎಂದು ಬರೆದ ಮಗುವಿಗೂ ಪೂರ್ತಿ ಅಂಕ ಕೊಡಬೇಕು. ಅಲ್ಲಿ ಬದಲಾದದ್ದು ಒತ್ತು ಮಾತ್ರ. ಮೊದಲು ಇಟ್ಟ ಪದದ ಮೇಲೆ ಕಣ್ಣು ಮೊದಲು ಬೀಳುತ್ತದೆ, ಅಷ್ಟೇ.

ಒಂದೇ ಅರ್ಥ ಬರಬೇಕು ಎಂದಿದ್ದರೆ ಮೊದಲ ಪದವನ್ನು ಕೊಟ್ಟುಬಿಡಿ. ಅಜ್ಜಿಯ ಪ್ರಶ್ನೆಯಲ್ಲಿ ‘ಅಜ್ಜಿ’ ಎಂದು ಮೊದಲೇ ಬರೆದು ಉಳಿದ ಐದು ಪದಗಳನ್ನು ಕಲಸಿ ಕೊಟ್ಟಿದ್ದರೆ ‘ತಂದ ಅಜ್ಜಿ’ ಎಂಬ ಜೋಡಿ ಹುಟ್ಟುತ್ತಲೇ ಇರಲಿಲ್ಲ. ಇಲ್ಲವೇ ‘ತಂದ’ ಇರುವಲ್ಲಿ ‘ತಂದು’ ಎಂದು ಕೊಡಬಹುದು. “ಅಜ್ಜಿ ಸಂತೆಯಿಂದ ಹಣ್ಣುಗಳನ್ನು ತಂದು ಮೊಮ್ಮಕ್ಕಳಿಗೆ ಹಂಚಿದಳು” ಎಂದಾಗ ‘ತಂದು’ ಯಾವ ನಾಮಪದವನ್ನೂ ಬಣ್ಣಿಸುವುದಿಲ್ಲ. ಮೊದಲು ತಂದಳು, ಆಮೇಲೆ ಹಂಚಿದಳು ಎನ್ನುತ್ತದೆ. ‘ಅಜ್ಜಿ’ ಎಂಬ ಪದ ಅದರ ಹಿಂದೆ ಬಂದರೂ ಮುಂದೆ ಬಂದರೂ ತಂದವಳು ಅವಳೇ, ಹಂಚಿದವಳೂ ಅವಳೇ.